ಪ್ರಸಂಗ ಮುಗಿದ ಮೇಲಿನ ಕೆಲಸ: ಯುವ ಸಭಾಪಾಲಕರಿಗೆ ಒಂದು ಬಹಿರಂಗ ಪತ್ರ

ಕ್ರಿಸ್ತನಲ್ಲಿ ಪ್ರಿಯರಾದ ಯುವ ಸಭಾಪಾಲಕರೇ, ಭಾನುವಾರದಂದು ಪೀಠದಲ್ಲಿ ನಿಂತು ವಾಕ್ಯ ಸಾರುವ ಉಪದೇಶಿಗಳೇ,



ಆರಾಧನೆ ಮುಗಿದು ನೀವು ದೇವಾಲಯದ ಬಾಗಿಲಲ್ಲಿ ನಿಂತಾಗ ಜನ ಏನು ಹೇಳಿ ಹೋಗುತ್ತಾರೆಂದು ನನಗೆ ಗೊತ್ತು. “ಚೆನ್ನಾಗಿತ್ತು ಅಯ್ಯನವರೇ”, “ಆಶೀರ್ವಾದವಾಯಿತು”. ಅವರು ಮನಸ್ಸಿಟ್ಟೇ ಹೇಳುತ್ತಾರೆ. ಆದರೆ ಆ ಮಾತು ನಿಮ್ಮ ಮೇಲಿನ ಗೌರವದಿಂದ, ಪೀಠದ ಮೇಲಿನ ಗೌರವದಿಂದ ಬಂದದ್ದು. ನೀವು ಹೇಳಿದ್ದು ಅವರಿಗೆ ತಲುಪಿತೇ, ತಲುಪಿದ್ದು ನೀವು ಹೇಳಿದ್ದೇ ಎಂಬುದು ಅದರಿಂದ ತಿಳಿಯುವುದಿಲ್ಲ. ವರ್ಷಗಟ್ಟಲೆ ಆ ಒಂದೇ ಮಾತನ್ನು ಕೇಳುತ್ತಾ ಸೇವೆ ಮುಗಿಸಿದ ಸಭಾಪಾಲಕರು ನಮ್ಮಲ್ಲಿ ಅನೇಕರಿದ್ದಾರೆ. ಮನೆಗೆ ಹೋಗುವ ದಾರಿಯಲ್ಲಿ ಅಮ್ಮನವರನ್ನು ಕೇಳುವವರೂ ಇದ್ದಾರೆ. ಅದು ಒಳ್ಳೆಯದೇ. ಆದರೆ ನೀವು ಏನು ಹೇಳಬೇಕೆಂದಿದ್ದಿರಿ ಎಂಬುದು ಶನಿವಾರ ರಾತ್ರಿಯೇ ಅವರಿಗೆ ಗೊತ್ತಿರುತ್ತದೆ. ನೀವು ಬಿಟ್ಟದ್ದನ್ನು ಅವರ ಮನಸ್ಸು ತಾನೇ ತುಂಬಿಕೊಳ್ಳುತ್ತದೆ. ಹಿಂದಿನ ಬೆಂಚಿನಲ್ಲಿ ಕೂತವರಿಗೆ ಆ ಅನುಕೂಲವಿಲ್ಲ.

ನಿವೃತ್ತಿಯ ನಂತರ ನಾನು ಕಿರಿಯ ಸಭಾಪಾಲಕರ ಜೊತೆ ಕೂತು, ಅವರ ಪ್ರಸಂಗದ ಧ್ವನಿಮುದ್ರಣವನ್ನೂ ಕೇಳುಗರು ಬರೆದ ಚೀಟಿಗಳನ್ನೂ ಒಟ್ಟಿಗೆ ನೋಡುವ ಕೆಲಸ ಮಾಡುತ್ತಾ ಬಂದಿದ್ದೇನೆ. ಆ ಅನುಭವದಿಂದ ನಿಮ್ಮಲ್ಲಿ ಕೇಳಿಕೊಳ್ಳುವುದು ಇಷ್ಟು. ವರ್ಷದಲ್ಲಿ ಎರಡು ಬಾರಿ, ಪ್ರತಿ ಬಾರಿ ನಾಲ್ಕು ಭಾನುವಾರ, ನಿಮ್ಮ ಪ್ರಸಂಗವನ್ನು ಈ ಎರಡರ ಮುಂದೆ ಇಡಿ. ಚೀಟಿ ಇಲ್ಲದೆ ಧ್ವನಿಮುದ್ರಣ ಕೇಳಿದರೆ ನಿಮ್ಮ ಗಂಟಲಿನ ದೋಷಗಳಷ್ಟೇ ಕಾಣುತ್ತವೆ. ಧ್ವನಿಮುದ್ರಣವಿಲ್ಲದೆ ಚೀಟಿ ಓದಿದರೆ ಎಲ್ಲಿ ತಪ್ಪಿತೆಂದು ತಿಳಿಯುತ್ತದೆಯೇ ಹೊರತು ಯಾಕೆಂದು ತಿಳಿಯುವುದಿಲ್ಲ.

ಮೊದಲು ಚೀಟಿಯ ಮಾತು. ದಯವಿಟ್ಟು ಅದರಲ್ಲಿ ಅಂಕ ಕೇಳಬೇಡಿ. ‘ಪ್ರಸಂಗ ಹೇಗಿತ್ತು, ಒಂದರಿಂದ ಐದರೊಳಗೆ ಗುರುತು ಹಾಕಿ’ ಎಂದರೆ ನಮ್ಮ ಸಭೆಯ ಜನ ಐದಕ್ಕೇ ಗುರುತು ಹಾಕುತ್ತಾರೆ. ಅಯ್ಯನವರಿಗೆ ಮೂರು ಹಾಕುವ ಮನಸ್ಸು ಯಾರಿಗೆ ಬಂದೀತು? ಇಷ್ಟವಾಯಿತೇ ಎಂದು ಕೂಡ ಕೇಳಬೇಡಿ. ಏನು ಕೇಳಿಸಿತು ಎಂದು ಕೇಳಿ. ನಾನು ಬಳಸುವ ಚೀಟಿಯಲ್ಲಿ ನಾಲ್ಕೇ ಪ್ರಶ್ನೆಗಳಿವೆ. ಇಂದಿನ ಪ್ರಸಂಗ ಏನು ಹೇಳಿತು, ಒಂದೇ ವಾಕ್ಯದಲ್ಲಿ ಬರೆಯಿರಿ. ನಿಮ್ಮ ಗಮನ ಎಲ್ಲಿ ಬೇರೆ ಕಡೆ ಹೋಯಿತು, ಆಗ ಯಾವ ವಿಷಯ ನಡೆಯುತ್ತಿತ್ತು? ಯಾವ ಮಾತು ಅರ್ಥವಾಗಲಿಲ್ಲ? ಈ ವಾರ ಏನು ಮಾಡಬೇಕೆಂದು ಪ್ರಸಂಗ ನಿಮ್ಮನ್ನು ಕೇಳಿತು? ಏನೂ ಕೇಳದಿದ್ದರೆ ಹಾಗೆಂದೇ ಬರೆಯಿರಿ. ಈ ಪ್ರಶ್ನೆಗಳಿಗೆ ಹೊಗಳಿಕೆ ಉತ್ತರವಾಗುವುದಿಲ್ಲ, ತೆಗಳಿಕೆಯೂ ಆಗುವುದಿಲ್ಲ. ಬರೆಯುವವರಿಗೆ ಸಂಕೋಚ ಕಡಿಮೆಯಾಗುವುದು ಅದರಿಂದಲೇ.

ಚೀಟಿಯನ್ನು ಇಡೀ ಸಭೆಗೆ ಹಂಚಬೇಡಿ. ಎಂಟು ಜನ ಸಾಕು, ನಾಲ್ಕು ವಾರವೂ ಅದೇ ಎಂಟು ಜನ ಇರಲಿ. ಆ ಎಂಟು ಜನ ಯಾರು ಎಂಬುದರಲ್ಲಿ ಮಾತ್ರ ಎಚ್ಚರ ಬೇಕು. ಸಭಾ ಹಿರಿಯರನ್ನೂ ಶಾಲಾ ಮಾಸ್ತರರನ್ನೂ ಆರಿಸಿಕೊಳ್ಳುವುದು ಸುಲಭ. ಅವರು ಚೆನ್ನಾಗಿ ಬರೆಯುತ್ತಾರೆ. ಆದರೆ ವೇದಭಾಗ ಅವರಿಗೆ ಮೊದಲೇ ಗೊತ್ತು. ಹೆಂಗಸರ ಕಡೆಯಿಂದ ಅರ್ಧ ಜನ ಇರಲಿ. ಪಿಯುಸಿ ಓದುವ ಒಬ್ಬರು ಇರಲಿ. ಮದುವೆಯಾಗಿ ಹೊಸದಾಗಿ ಸಭೆಗೆ ಬಂದವರಿರಲಿ. ಓದು ಬರಹ ಬಾರದ ಒಬ್ಬರಾದರೂ ಇರಲಿ. ಅವರ ಮಾತನ್ನು ಸಭೆಯ ಯಾರಾದರೂ ಹುಡುಗಿಯೋ ಹುಡುಗನೋ ಕೇಳಿ, ಅವರು ಹೇಳಿದ ಹಾಗೆಯೇ ಬರೆದುಕೊಳ್ಳಲಿ, ತಿದ್ದದಿರಲಿ. ನೀವೇ ಹೋಗಿ ಕೇಳಿದರೆ ಮತ್ತೆ ‘ಚೆನ್ನಾಗಿತ್ತು’ ಎಂಬ ಉತ್ತರವೇ ಬರುತ್ತದೆ.

ಹೆಸರು ಬರೆಸದಿದ್ದ ಮಾತ್ರಕ್ಕೆ ಗುಟ್ಟು ಉಳಿಯುವುದಿಲ್ಲ. ಅರವತ್ತು ಮನೆಗಳ ಸಭೆಯಲ್ಲಿ ಯಾರ ಅಕ್ಷರ ಯಾರದೆಂದು ನಿಮಗೆ ಗೊತ್ತಾಗುತ್ತದೆ, ನಿಮಗೆ ಗೊತ್ತಾಗುತ್ತದೆಂದು ಅವರಿಗೂ ಗೊತ್ತು. ಅದಕ್ಕೆ ನಂಬಿಕೆಯ ಒಬ್ಬರು ಚೀಟಿಗಳನ್ನು ಕೂಡಿಸಿ, ಒಂದು ಹಾಳೆಯಲ್ಲಿ ನಕಲು ಮಾಡಿ ನಿಮಗೆ ಕೊಡಲಿ. ಮೂಲ ಚೀಟಿ ನಿಮ್ಮ ಕೈಗೆ ಬರಬಾರದು. ಇದನ್ನು ಆ ಎಂಟು ಜನರಿಗೂ ಮೊದಲೇ ತಿಳಿಸಿರಬೇಕು.

ಇದಕ್ಕಿಂತ ಮುಖ್ಯವಾದ ಒಂದು ಕೆಲಸ ಶನಿವಾರ ರಾತ್ರಿಯದು. ನಾಳೆಯ ಪ್ರಸಂಗ ಏನು ಹೇಳಬೇಕೆಂದಿದೆ ಎಂಬುದನ್ನು ನೀವೂ ಒಂದೇ ವಾಕ್ಯದಲ್ಲಿ ಬರೆದು, ತಾರೀಕು ಹಾಕಿ, ಸತ್ಯವೇದದೊಳಗೆ ಇಟ್ಟುಬಿಡಿ. ಭಾನುವಾರದ ನಂತರ ಅದನ್ನು ತಿದ್ದುವಂತಿಲ್ಲ. ಚೀಟಿಯ ಮೊದಲ ಪ್ರಶ್ನೆಯ ಉತ್ತರಗಳನ್ನು ಈ ವಾಕ್ಯದ ಪಕ್ಕದಲ್ಲಿಟ್ಟು ನೋಡಬೇಕು. ಶನಿವಾರ ಆ ವಾಕ್ಯ ಬರೆಯಲಾಗದೆ ಕಷ್ಟಪಟ್ಟರೆ, ಪ್ರಸಂಗ ಇನ್ನೂ ಸಿದ್ಧವಾಗಿಲ್ಲ ಎಂದು ನಿಮಗೆ ಅಲ್ಲಿಯೇ ಗೊತ್ತಾಗುತ್ತದೆ.

ಈಗ ಧ್ವನಿಮುದ್ರಣ. ಎಲ್ಲರ ಜೇಬಿನಲ್ಲೂ ಇರುವ ಫೋನು ಸಾಕು. ಆದರೆ ಅದನ್ನು ಪೀಠದ ಮೇಲೆ ಇಡಬೇಡಿ. ಹಿಂದಿನಿಂದ ಮೂರನೆಯ ಬೆಂಚಿನ ಮೇಲೆ, ಫ್ಯಾನಿನ ನೇರ ಕೆಳಗಲ್ಲದ ಜಾಗದಲ್ಲಿ ಇಡಿಸಿ. ಪೀಠದ ಮೇಲಿನ ಫೋನಿಗೆ ನೀವು ಮಾತಾಡಿದ್ದು ಕೇಳಿಸುತ್ತದೆ, ಬೆಂಚಿನ ಮೇಲಿನ ಫೋನಿಗೆ ಜನಕ್ಕೆ ಕೇಳಿಸಿದ್ದು ಕೇಳಿಸುತ್ತದೆ. ಇನ್ನೊಂದು ಮಾತು ನೆನಪಿರಲಿ. ಬಹಳಷ್ಟು ಫೋನುಗಳು ಸಣ್ಣ ಧ್ವನಿಯನ್ನು ತಾವಾಗಿಯೇ ಎತ್ತಿ, ದೊಡ್ಡ ಧ್ವನಿಯನ್ನು ತಗ್ಗಿಸಿ ಸಮ ಮಾಡುತ್ತವೆ. ಆದ್ದರಿಂದ ಮುದ್ರಣದಲ್ಲಿ ಒಂದು ಮಾತು ಮಸುಕಾಗಿ ಕೇಳಿದರೆ ದೇವಾಲಯದಲ್ಲಿ ಅದು ಇನ್ನೂ ಮಸುಕಾಗಿತ್ತೆಂದೇ ತಿಳಿಯಿರಿ. ಪ್ರಸಂಗ ಶುರುವಾದಾಗ ಮುದ್ರಣ ಶುರುವಾಗಲಿ, ಮುಗಿದ ಕೂಡಲೇ ನಿಲ್ಲಲಿ. ವಿಜ್ಞಾಪನಾ ಪ್ರಾರ್ಥನೆಯಲ್ಲಿ ಕಾಯಿಲೆಯವರ ಹೆಸರು ಬರುತ್ತದೆ, ಮನೆಯ ಕಷ್ಟಗಳು ಬರುತ್ತವೆ. ಅವು ಯಾರ ಫೋನಿನಲ್ಲೂ ಉಳಿಯಬಾರದು. ಈ ಮುದ್ರಣವನ್ನು ವಾಟ್ಸಾಪ್ ಗುಂಪಿಗೆ ಹಾಕಬೇಡಿ. ಹೊರಗಿನವರು ಕೇಳುತ್ತಾರೆಂದು ಗೊತ್ತಾದರೆ ನಿಮ್ಮ ಮಾತು ಮುಂದಿರುವ ಜನರನ್ನು ಬಿಟ್ಟು ಫೋನಿನ ಕಡೆಗೆ ತಿರುಗುತ್ತದೆ.

ಸೋಮವಾರ ಅದನ್ನು ಕೇಳಬೇಡಿ. ದಣಿವು ಇರುತ್ತದೆ, ಭಾನುವಾರದ ಭಾವ ಇನ್ನೂ ಇಳಿದಿರುವುದಿಲ್ಲ. ಬುಧವಾರ ಬೆಳಿಗ್ಗೆ ಒಳ್ಳೆಯ ಹೊತ್ತು. ಮೊದಲ ಸಲ ಎಲ್ಲೂ ನಿಲ್ಲಿಸದೆ, ಸಭೆಯಲ್ಲಿ ಕೂತವರ ಹಾಗೆ, ಕೈಯಲ್ಲಿ ಪೆನ್ನು ಹಿಡಿಯದೆ ಕೇಳಿ. ನಿಮ್ಮ ಧ್ವನಿ ನಿಮಗೇ ಪರಕೀಯವೆನಿಸುತ್ತದೆ. ನಾವು ಮಾತಾಡುವಾಗ ನಮ್ಮ ಧ್ವನಿ ತಲೆಯ ಮೂಳೆಗಳ ಮೂಲಕವೂ ಕಿವಿಗೆ ಮುಟ್ಟಿ ಗಂಭೀರವಾಗಿ ಕೇಳುತ್ತದೆ, ಮುದ್ರಣದಲ್ಲಿ ಆ ಭಾಗ ಇರುವುದಿಲ್ಲ. ಅದು ದೋಷವಲ್ಲ, ಸಭೆ ನಿಮ್ಮನ್ನು ಯಾವಾಗಲೂ ಹಾಗೆಯೇ ಕೇಳಿದೆ. ಎರಡು ವಾರ ಕೇಳಿದರೆ ಒಗ್ಗಿಹೋಗುತ್ತದೆ. ಎರಡನೆಯ ಸಲ ಗಡಿಯಾರ ಮುಂದಿಟ್ಟುಕೊಂಡು, ಒಂದು ಹಾಳೆಯಲ್ಲಿ ನಿಮಿಷಕ್ಕೊಂದು ಗೆರೆ ಹಾಕಿ, ಆ ನಿಮಿಷದಲ್ಲಿ ಏನು ನಡೆಯಿತೆಂದು ಬರೆಯಿರಿ: ವೇದಭಾಗದ ವಿವರಣೆಯೇ, ಕಥೆಯೇ, ಬದುಕಿಗೆ ಅನ್ವಯವೇ, ಆಗಲೇ ಹೇಳಿದ್ದರ ಮರುಮಾತೇ. ಆಮೇಲೆ ಮಾತ್ರ ಚೀಟಿಯ ಹಾಳೆ ತೆರೆಯಿರಿ. ಚೀಟಿಯನ್ನು ಮೊದಲು ಓದಿದರೆ ಕಿವಿ ಅದನ್ನೇ ಹುಡುಕತೊಡಗುತ್ತದೆ.

ಒಂದು ಉದಾಹರಣೆ ಕೊಡುತ್ತೇನೆ. ಉತ್ತರ ಕರ್ನಾಟಕದ ಒಂದು ಪಟ್ಟಣದ ಸಭೆ, ಮೂವತ್ತರ ಆಸುಪಾಸಿನ ಸಭಾಪಾಲಕರು. ಅವರ ಒಪ್ಪಿಗೆಯಿಂದಲೇ ಹೇಳುತ್ತಿದ್ದೇನೆ. ವೇದಭಾಗ ಮತ್ತಾಯನ ಸುವಾರ್ತೆಯ ಇಪ್ಪತ್ತನೆಯ ಅಧ್ಯಾಯ, ದ್ರಾಕ್ಷೇತೋಟದ ಕೂಲಿಯಾಳುಗಳ ಸಾಮ್ಯ. ಬೆಳಿಗ್ಗೆ ಬಂದವರಿಗೂ ಸಂಜೆ ಐದಕ್ಕೆ ಬಂದವರಿಗೂ ಯಜಮಾನ ಒಂದೇ ದಿನಗೂಲಿ ಕೊಡುತ್ತಾನೆ. ಶನಿವಾರ ಅವರು ಬರೆದಿಟ್ಟ ವಾಕ್ಯ ಹೀಗಿತ್ತು: “ದೇವರು ನಮ್ಮ ದುಡಿಮೆಯನ್ನು ಅಳೆದು ಕೂಲಿ ಕೊಡುವುದಿಲ್ಲ, ಯಾರೂ ಕರೆಯದೆ ದಿನವಿಡೀ ನಿಂತವನಿಗೂ ಅವನ ಮನೆಗೆ ಬೇಕಾದಷ್ಟು ಕೊಡುತ್ತಾನೆ.”

ಚೀಟಿಗಳು ಬಂದವು. ಎಂಟರಲ್ಲಿ ಎರಡು ಆ ವಾಕ್ಯಕ್ಕೆ ಹತ್ತಿರವಿದ್ದವು. ಮೂವರು, ಕಷ್ಟಪಟ್ಟು ದುಡಿದರೆ ದೇವರು ತಕ್ಕ ಪ್ರತಿಫಲ ಕೊಡುತ್ತಾನೆ ಎಂದು ಬರೆದಿದ್ದರು. ಅಂದರೆ ನೇರ ವಿರುದ್ಧ. ಒಬ್ಬರು, ಅಯ್ಯನವರ ಅಜ್ಜನ ಹಾಗೆ ಪ್ರಾಮಾಣಿಕವಾಗಿ ಬಾಳಬೇಕು ಎಂದಿದ್ದರು. ಒಬ್ಬರು ಹೊಟ್ಟೆಕಿಚ್ಚು ಪಡಬಾರದು ಎಂದಿದ್ದರು. ಒಂದು ಚೀಟಿ ಖಾಲಿ. ಗಮನ ತಪ್ಪಿದ ಜಾಗ ಕೇಳಿದ ಪ್ರಶ್ನೆಗೆ ನಾಲ್ವರು ಒಂದೇ ಉತ್ತರ ಕೊಟ್ಟಿದ್ದರು: ಅಜ್ಜನ ಕಥೆ ಮುಗಿದ ಮೇಲೆ.

ಸಭಾಪಾಲಕರು ಬಹಳ ನೊಂದರು. ನಾನು ಸ್ಪಷ್ಟವಾಗಿ ಹೇಳಿದ್ದೆನಲ್ಲ ಎಂದರು. ಹೇಳಿದ್ದರು, ನಿಜ. ಮುದ್ರಣದಲ್ಲಿ ಒಂಬತ್ತನೆಯ ನಿಮಿಷದಲ್ಲಿ ಆ ವಾಕ್ಯ ಇತ್ತು. ಹಿಂದಿನ ಬೆಂಚಿನಲ್ಲಿದ್ದ ಫೋನಿಗೆ ಅದು ‘ದೇವರು ನಮ್ಮ ದುಡಿಮೆಯನ್ನು ಅಳೆದು ಕೂಲಿ ಕೊಡು...’ ಎಂಬಷ್ಟೇ ಕೇಳಿಸಿತ್ತು. ‘ವುದಿಲ್ಲ’ ಎಂಬಲ್ಲಿಗೆ ಬರುವಾಗ ಅವರ ಕಣ್ಣು ಟಿಪ್ಪಣಿಯ ಕಡೆ ಇಳಿದಿತ್ತು, ಬಾಯಿ ಮೈಕಿನಿಂದ ಸರಿದಿತ್ತು, ಧ್ವನಿ ಫ್ಯಾನಿನ ಸದ್ದಿನೊಳಗೆ ಹೋಗಿತ್ತು.

ನನ್ನ ಪ್ರಿಯರೇ, ಕನ್ನಡದಲ್ಲಿ ಪ್ರಸಂಗ ಮಾಡುವ ನಾವು ಇದನ್ನು ಎಲ್ಲಕ್ಕಿಂತ ಹೆಚ್ಚು ಗಮನಿಸಬೇಕು. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ಇಲ್ಲ, ಅಲ್ಲ, ಬೇಡ, ಕೂಡದು ಎಂಬುವೂ ಕೊನೆಗೇ ಬರುತ್ತವೆ. ಉಸಿರು ಕಡಿಮೆಯಾಗುವುದೂ, ಕಣ್ಣು ಮುಂದಿನ ಸಾಲಿಗೆ ಹೋಗುವುದೂ ಅಲ್ಲಿಯೇ. ವಾಕ್ಯದ ಬಾಲ ನುಂಗಿದರೆ ಮಾತು ಅಸ್ಪಷ್ಟವಾಗುವುದಷ್ಟೇ ಅಲ್ಲ, ತಿರುಗುಮುರುಗಾಗುತ್ತದೆ. ಎರಡನೆಯ ಸಲ ಕೇಳುವಾಗ ಮುಖ್ಯ ವಾಕ್ಯಗಳ ಕೊನೆಯ ಪದವನ್ನೂ ಹುಡುಕಿ ಕೇಳಿ. ಪರಿಹಾರ ಕಷ್ಟವಲ್ಲ. ಮುಖ್ಯ ವಾಕ್ಯವನ್ನು ಬಾಯಿಪಾಠ ಮಾಡಿ, ಟಿಪ್ಪಣಿ ನೋಡದೆ, ಜನರ ಮುಖ ನೋಡುತ್ತಾ ಹೇಳಿ, ಕೊನೆಯ ಪದ ಮುಗಿದ ಮೇಲೆ ಒಂದು ಉಸಿರಿನಷ್ಟು ಹೊತ್ತು ಸುಮ್ಮನಿರಿ.

ಆದರೆ ಬಾಲ ನುಂಗಿದ್ದೊಂದೇ ಕಾರಣವಾಗಿರಲಿಲ್ಲ. ನಿಮಿಷದ ಹಾಳೆ ಇನ್ನೊಂದನ್ನು ತೋರಿಸಿತು. ಒಟ್ಟು 24 ನಿಮಿಷ. ಮೊದಲ 4 ಪೀಠಿಕೆಗೆ ಹೋಗಿದ್ದವು, ಮುಂದಿನ 6 ವೇದಭಾಗದ ವಿವರಣೆಗೆ. ಆಮೇಲೆ 7 ನಿಮಿಷ ಅಜ್ಜನ ಕಥೆ. ಅವರ ಅಜ್ಜ ಮಂಗಳೂರಿನ ಹೆಂಚಿನ ಕಾರ್ಖಾನೆಯೊಂದರಲ್ಲಿ ದುಡಿದವರು. ಮಂಗಳೂರಿನಲ್ಲಿ ಬಾಸೆಲ್ ಮಿಷನ್ 1865ರಲ್ಲಿ ಹೆಂಚಿನ ಕೆಲಸ ಶುರುಮಾಡಿದಂದಿನಿಂದ ನಮ್ಮ ಎಷ್ಟೋ ಮನೆತನಗಳ ಅನ್ನ ಅಲ್ಲಿಂದಲೇ ಬಂದದ್ದು, ಆದ್ದರಿಂದ ಜನ ಆ ಕಥೆಯನ್ನು ಪ್ರೀತಿಯಿಂದ ಕೇಳಿದರು. ಅಜ್ಜ ಒಂದು ದಿನವೂ ತಡವಾಗಿ ಹೋಗದವರು, ಜ್ವರವಿದ್ದರೂ ಗೂಡಿನ ಮುಂದೆ ನಿಂತವರು, ಕೊನೆಗೆ ಮೇಸ್ತ್ರಿಯಾದವರು. ಕಥೆ ಚೆನ್ನಾಗಿತ್ತು, ಅವರು ಹೇಳಿದ ರೀತಿಯೂ ಚೆನ್ನಾಗಿತ್ತು. ಆದರೆ ಆ ಕಥೆ ಏನು ಹೇಳುತ್ತದೆ? ದುಡಿದವನಿಗೆ ದುಡಿಮೆಗೆ ತಕ್ಕ ಕೂಲಿ ಸಿಗುತ್ತದೆ ಎಂದು. ಸಾಮ್ಯದಲ್ಲಿ ಬೆಳಿಗ್ಗೆ ಬಂದು ಗೊಣಗಿದವರ ವಾದವೂ ಅದೇ! ಆರು ನಿಮಿಷ ಯೇಸುವಿನ ಸಾಮ್ಯವನ್ನು ವಿವರಿಸಿ, ಏಳು ನಿಮಿಷ ಅದಕ್ಕೆ ವಿರುದ್ಧವಾದ ಕಥೆ ಹೇಳಿದಂತಾಯಿತು. ಜನ ಕಥೆಯನ್ನು ಮನೆಗೆ ಒಯ್ದರು. ಅನ್ವಯಕ್ಕೆ ಉಳಿದದ್ದು 2 ನಿಮಿಷ. ಕೊನೆಯ 5 ನಿಮಿಷದಲ್ಲಿ ‘ಕೊನೆಯದಾಗಿ’ ಎಂಬ ಮಾತು ಮೂರು ಸಲ ಬಂದಿತ್ತು. ಮೊದಲ ಸಲ ಕೇಳಿದವರು ಮನಸ್ಸಿನಲ್ಲೇ ಎದ್ದು ಹೊರಟಿದ್ದರು.

ನಮ್ಮ ಪಾಸ್ಟರೇಟುಗಳಲ್ಲಿ ಒಂದು ಅನುಕೂಲವಿದೆ. ಒಬ್ಬ ಸಭಾಪಾಲಕರಿಗೆ ಪಟ್ಟಣದ ಸಭೆಯ ಜೊತೆಗೆ ಹಳ್ಳಿಗಳ ಶಾಖಾಸಭೆಗಳೂ ಇರುತ್ತವೆ. ಅದೇ ಪ್ರಸಂಗವನ್ನು ತಿದ್ದಿ ಇನ್ನೊಂದು ಕಡೆ ಸಾರಬಹುದು. ಇವರೂ ಹಾಗೆಯೇ ಮಾಡಿದರು. ಅಜ್ಜನ ಕಥೆಯನ್ನು ಎರಡು ನಿಮಿಷಕ್ಕೆ ಇಳಿಸಿ, ಅದನ್ನು ಬೆಳಿಗ್ಗೆ ಬಂದವರ ಬಾಯಿಯ ಮಾತಾಗಿ ಮುಂದಕ್ಕೆ ತಂದರು. ಆಮೇಲೆ ಸಂಜೆ ಐದರವರೆಗೆ ನಿಂತವರ ಬಳಿಗೆ ಹೋದರು. ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಸರ್ಕಲ್ಲಿನಲ್ಲಿ ನಿಂತು, ಮೇಸ್ತ್ರಿಗಳು ಗಟ್ಟಿಮುಟ್ಟಾದವರನ್ನು ಆರಿಸಿ ಕರೆದೊಯ್ದ ಮೇಲೆ ಉಳಿದುಬಿಡುವವರನ್ನು ಆ ಊರಿನ ಜನ ದಿನವೂ ನೋಡುತ್ತಾರೆ. ಮುಖ್ಯ ವಾಕ್ಯವನ್ನು ಟಿಪ್ಪಣಿ ನೋಡದೆ ಮೂರು ಕಡೆ ಹೇಳಿದರು. ‘ಕೊನೆಯದಾಗಿ’ ಒಂದೇ ಸಲ ಬಂತು. ಪ್ರಸಂಗ 19 ನಿಮಿಷಕ್ಕೆ ಮುಗಿಯಿತು.

ಅಲ್ಲಿ ಆರು ಜನರನ್ನು ಕೇಳಲಾಗಿತ್ತು. ನಾಲ್ವರ ಉತ್ತರ ಶನಿವಾರದ ವಾಕ್ಯವೇ ಆಗಿತ್ತು, ಅವರದೇ ಮಾತಿನಲ್ಲಿ. ಒಬ್ಬರು ಬೇರೇನೋ ಬರೆದಿದ್ದರು. ಆರನೆಯವರು ಓದು ಬಾರದ, ಹೊಲಕ್ಕೆ ಕೂಲಿಗೆ ಹೋಗುವ ಹೆಂಗಸು. ಹುಡುಗಿ ಬರೆದುಕೊಂಡ ಅವರ ಮಾತು: “ಹಂಗಾದ್ರ ಮುಂಜಾನಿಂದ ಬಿಸಲಾಗ ದುಡದಾವ್ರ ಗತಿ ಏನ್ರಿ?” ಸಭಾಪಾಲಕರು ಇದನ್ನು ಸೋಲೆಂದು ತಿಳಿದರು. ನಾನು ಒಪ್ಪಲಿಲ್ಲ. ಸಾಮ್ಯದೊಳಗೇ ಎದ್ದ ಪ್ರಶ್ನೆ ಅದು, ಯಜಮಾನನಿಗೆ ಎದುರು ನಿಂತವರ ಪ್ರಶ್ನೆ. ಆ ಹೆಣ್ಣುಮಗಳು ಎಲ್ಲರಿಗಿಂತ ಚೆನ್ನಾಗಿ ಕೇಳಿಸಿಕೊಂಡಿದ್ದರು. ಅಂಥ ಪ್ರಶ್ನೆ ಬಂದರೆ ಅದೇ ಮುಂದಿನ ಪ್ರಸಂಗದ ವಿಷಯವಾಗಬೇಕು.

ಈ ಕ್ರಮ ಹೊಸದೆಂದು ಯಾರಾದರೂ ಹೇಳಿದರೆ, ಹತ್ತೊಂಬತ್ತನೆಯ ಶತಮಾನದ ಲಂಡನ್ನಿನ ಚಾರ್ಲ್ಸ್ ಸ್ಪರ್ಜನ್ನರನ್ನು ನೆನಪಿಸಿಕೊಳ್ಳಿ. ಭಾನುವಾರ ಅವರ ಪ್ರಸಂಗವನ್ನು ಶೀಘ್ರಲಿಪಿಕಾರರು ಬರೆದುಕೊಳ್ಳುತ್ತಿದ್ದರು. ಸೋಮವಾರ ಅವರು ಅದನ್ನು ಸಾಲು ಸಾಲಾಗಿ ತಿದ್ದಿ ಅಚ್ಚಿಗೆ ಕೊಡುತ್ತಿದ್ದರು. 1855ರಿಂದ ವಾರವಾರವೂ ಇದು ನಡೆಯಿತು. ತಾನು ನಿಜವಾಗಿ ಏನು ಹೇಳಿದೆ ಎಂಬುದನ್ನು ವಾರಕ್ಕೊಮ್ಮೆ ಕಾಗದದ ಮೇಲೆ ಎದುರಿಸಿದ ಪ್ರಸಂಗಿ ಅವರು. ಕಾಗದದಲ್ಲಿ ಧ್ವನಿ ಇರಲಿಲ್ಲ. ನಿಮಗೆ ಅದೂ ಸಿಗುತ್ತದೆ.

ಇನ್ನು ಎಚ್ಚರಿಕೆಯ ಮಾತು. ಒಬ್ಬರ ಚೀಟಿಯಲ್ಲಿ ಬಂದ ದೂರಿಗೆ ಪ್ರಸಂಗವನ್ನು ಬದಲಿಸಬೇಡಿ. ಇಬ್ಬರು ಮೂವರು ಒಂದೇ ಜಾಗ ತೋರಿಸಿದರೆ, ಮುದ್ರಣದಲ್ಲೂ ಅಲ್ಲಿ ಕಾರಣ ಕಂಡರೆ ಮಾತ್ರ ಬದಲಿಸಿ. ವಾರಕ್ಕೆ ಒಂದೇ ಒಂದನ್ನು ತಿದ್ದಿ. ಧ್ವನಿ, ಕಥೆ, ಉದ್ದ, ಕೈಯಾಟ ಎಲ್ಲವನ್ನೂ ಒಟ್ಟಿಗೆ ತಿದ್ದಲು ಹೋದವರು ಪೀಠದಲ್ಲಿ ತಮ್ಮನ್ನೇ ಗಮನಿಸುತ್ತಾ ನಿಂತು ತಡವರಿಸಿದ್ದನ್ನು ನಾನು ಕಂಡಿದ್ದೇನೆ. ಕರ್ತನ ಭೋಜನದ ಭಾನುವಾರ, ಮರಣದ ಆರಾಧನೆಗಳಲ್ಲಿ ಚೀಟಿ ಕೊಡಲೇಬೇಡಿ. ನಾಲ್ಕು ಭಾನುವಾರ ಮುಗಿದ ಮೇಲೆ ನಿಲ್ಲಿಸಿಬಿಡಿ. ವರ್ಷವಿಡೀ ಚೀಟಿ ಹಿಡಿದು ಕೂತವರು ಆರಾಧಿಸಲು ಬಂದವರಾಗಿ ಉಳಿಯುವುದಿಲ್ಲ, ಪರೀಕ್ಷಕರಾಗುತ್ತಾರೆ.

ಚೀಟಿಗೆ ಅಳೆಯಲಾಗದ ಸಂಗತಿಯೂ ಇದೆ. ಆಮೋಸನು ಬೇತೇಲಿನಲ್ಲಿ ಮಾತಾಡಿದಾಗ ಯಾಜಕ ಅಮಚ್ಯನು ಅವನನ್ನು ಊರು ಬಿಟ್ಟು ಹೋಗೆಂದ. ಅಲ್ಲಿ ‘ಇಷ್ಟವಾಯಿತೇ’ ಎಂಬ ಚೀಟಿ ಹಂಚಿದ್ದರೆ ಉತ್ತರ ಏನಿರುತ್ತಿತ್ತು? ಆದರೆ ‘ಪ್ರಸಂಗ ಏನು ಹೇಳಿತು’ ಎಂದು ಕೇಳಿದ್ದರೆ ಅಮಚ್ಯನೇ ಸರಿಯಾಗಿ ಬರೆಯುತ್ತಿದ್ದ. ಅವನಿಗೆ ಸ್ಪಷ್ಟವಾಗಿ ಕೇಳಿಸಿತ್ತು, ಅದಕ್ಕೇ ಅವನು ಸಿಟ್ಟಾದದ್ದು. ನೀವು ಸಾರಿದ್ದು ಸತ್ಯವೇ ಎಂಬುದನ್ನು ವೇದದ ಮುಂದೆ, ಪ್ರಾರ್ಥನೆಯಲ್ಲಿ, ಹಿರಿಯ ಸಹೋದ್ಯೋಗಿಗಳ ಮಾತಿನಲ್ಲಿ ಪರೀಕ್ಷಿಸಬೇಕು. ತಲುಪಿತೇ ಎಂಬುದನ್ನು ಮಾತ್ರ ಈ ಕ್ರಮ ಹೇಳುತ್ತದೆ. ಎಷ್ಟು ದಿನ ಉಳಿಯಿತೆಂದು ತಿಳಿಯಬೇಕಾದರೆ ಶುಕ್ರವಾರದ ಮನೆಕೂಟದಲ್ಲಿ, ಕಳೆದ ಭಾನುವಾರದ ಪ್ರಸಂಗದಿಂದ ಏನು ನೆನಪಿದೆ ಎಂದು ಬೇರೊಬ್ಬರಿಂದ ಕೇಳಿಸಿ.

ಮುಂದಿನ ತಿಂಗಳ ನಾಲ್ಕು ಭಾನುವಾರಗಳನ್ನು ಇದಕ್ಕೆ ಗುರುತು ಹಾಕಿಕೊಳ್ಳಬೇಕೆಂದು ನಿಮ್ಮಲ್ಲಿ ವಿನಂತಿಸುತ್ತೇನೆ. ಈ ವಾರವೇ ಸಭಾ ಸಮಿತಿಗೆ ವಿಷಯ ತಿಳಿಸಿ, ಎಂಟು ಜನರನ್ನು ಆರಿಸಿ, ಚೀಟಿ ನಕಲು ಮಾಡುವ ಒಬ್ಬರನ್ನು ಒಪ್ಪಿಸಿ. ಹತ್ತಿರದ ಪಾಸ್ಟರೇಟಿನ ಇನ್ನೊಬ್ಬ ಸಭಾಪಾಲಕರನ್ನು ಜೊತೆ ಮಾಡಿಕೊಂಡು, ಬುಧವಾರ ಒಬ್ಬರ ಮುದ್ರಣವನ್ನು ಇನ್ನೊಬ್ಬರು ಕೇಳಿರಿ. ಶನಿವಾರ ರಾತ್ರಿಯ ಒಂದು ವಾಕ್ಯವನ್ನು ಮಾತ್ರ ಈ ವಾರದಿಂದಲೇ ಬರೆಯಲು ತೊಡಗಿ.

ಇತಿ,
ನಿಮ್ಮ ಸೇವೆಯಲ್ಲಿ ಜೊತೆಗಾರನಾದ
ಒಬ್ಬ ನಿವೃತ್ತ ಸಭಾಪಾಲಕ